ಬಿಳಿಚಿದ ಕೂದಲಿಗೆ ನೇರವಾಗಿ ಕಂದು ಹಚ್ಚಬೇಡಿ

ಪಾರ್ಲರ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ಒಂದು ತಪ್ಪು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೈಲೈಟ್ಸ್ ತೀರಾ ಬಿಳಿಚಿಕೊಂಡಿದೆ, ಮತ್ತೆ ಕಂದು ಮಾಡಿಕೊಡಿ ಅಂತ ಒಬ್ಬರು ಬಂದಿದ್ದರು. ಕಪ್ಪಾಗಿಸೋದು ತಾನೇ, ಸುಲಭ ಅಂದುಕೊಂಡು ನೇರವಾಗಿ ಆಶ್ ಬ್ರೌನ್ ಹಚ್ಚಿದೆ. ಅವತ್ತು ಚೆನ್ನಾಗೇ ಕಂಡಿತು. ಮನೆಯಲ್ಲಿ ಎರಡು ಸಲ ತಲೆಸ್ನಾನ ಆದ ಮೇಲೆ ತುದಿಯೆಲ್ಲ ಪಾಚಿ ಹಿಡಿದ ಹಾಗೆ ಹಸಿರಾಗಿತ್ತು.

ಯಾಕೆ ಹೀಗಾಯಿತು ಅಂತ ಆಮೇಲೆ ತಿಳಿಯಿತು. ನಮ್ಮ ಕಪ್ಪು, ಕಂದು ಕೂದಲಿನ ಒಳಗೆ ಕೆಂಪು, ಕಿತ್ತಳೆ, ಹಳದಿ ಇರುತ್ತವೆ. ಬ್ಲೀಚ್ ಮಾಡಿದಾಗ ಮೊದಲು ಕೆಂಪು ಹೋಗುತ್ತದೆ, ಆಮೇಲೆ ಕಿತ್ತಳೆ. ಕೊನೆಗೆ ಉಳಿಯೋದು ತೆಳು ಹಳದಿ ಮಾತ್ರ. ಆಶ್ ಶೇಡ್‌ನಲ್ಲಿ ನೀಲಿ ಅಥವಾ ಹಸಿರು ಛಾಯೆ ಇರುತ್ತದೆ. ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರೇ ಅಲ್ವಾ? ಕಂದು ಬಣ್ಣ ಕಂದಾಗಿ ಕಾಣಬೇಕಾದರೆ ಕೆಳಗೆ ಆ ಬೆಚ್ಚಗಿನ ಬಣ್ಣ ಇರಲೇಬೇಕು. ಕಳೆದುಹೋದದ್ದನ್ನು ಮೊದಲು ತುಂಬೋದಕ್ಕೇ ಫಿಲ್ಲರ್.

ಈಚೆಗೆ ಒಬ್ಬ ಹುಡುಗಿ ಬಂದಿದ್ದಳು. ಬುಡದ ನಾಲ್ಕು ಇಂಚು ಸ್ವಂತ ಕಪ್ಪು, ಕೆಳಗೆಲ್ಲ ಲೆವೆಲ್ 9ರ ಹಳದಿ. ಲೆವೆಲ್ ಅಂದರೆ ಬಣ್ಣ ಎಷ್ಟು ಗಾಢ ಅನ್ನೋ ಅಳತೆ; 1 ಅಂದರೆ ಕಪ್ಪು, ಸಂಖ್ಯೆ ಏರಿದಷ್ಟೂ ತೆಳು. ಅವಳಿಗೆ ಬೇಕಿದ್ದದ್ದು ಲೆವೆಲ್ 5ರ ಕಂದು. ಮೊದಲು ಹಿಂಭಾಗದ ಒಂದು ಎಳೆಯ ಮೇಲೆ ಪರೀಕ್ಷೆ ಮಾಡಿದೆ. ಒದ್ದೆ ಕೂದಲನ್ನು ಎಳೆದಾಗ ರಬ್ಬರಿನ ಹಾಗೆ ಹಿಗ್ಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಹಿಗ್ಗಲಿಲ್ಲ. ಫಿಲ್ಲರ್ ಆಗಿ ಚಿನ್ನ ಮತ್ತು ತಾಮ್ರದ ಛಾಯೆ ಸೇರಿದ 7.34 ಶೇಡನ್ನು, ಬಣ್ಣ ಹಿಡಿಸುವ ಡೆವಲಪರ್‌ನಲ್ಲಿ ಕಡಿಮೆ ವಾಲ್ಯೂಮ್‌ನದರ ಜೊತೆ ಕಲಸಿ, ಹಳದಿ ಇದ್ದ ಕಡೆ ಮಾತ್ರ ಹಚ್ಚಿದೆ. ಬುಡಕ್ಕೆ ಮುಟ್ಟಿಸಲಿಲ್ಲ, ಅಲ್ಲಿ ಏನೂ ಕಳೆದಿಲ್ಲವಲ್ಲ.

ಇಪ್ಪತ್ತು ನಿಮಿಷ ಆದ ಮೇಲೆ ಕನ್ನಡಿ ನೋಡಿ ಗಾಬರಿಯಾದಳು. "ಅಯ್ಯೋ, ಇದೇನಕ್ಕ, ಕಿತ್ತಳೆ ಆಗೋಯ್ತಲ್ಲ!"

"ಹೀಗೇ ಆಗ್ಬೇಕಮ್ಮ, ಇದರ ಮೇಲೆ ಕಂದು ಕೂರುತ್ತೆ" ಅಂದೆ. ತೊಳೆದ ತಾಮ್ರದ ಚೆಂಬಿನ ಬಣ್ಣ ಎಲ್ಲ ಕಡೆ ಒಂದೇ ಸಮ ಬಂದಿದ್ದರೆ ಫಿಲ್ಲರ್ ಹಿಡಿದಿದೆ ಅಂತ ಅರ್ಥ. ಅವಳ ತುದಿಯಲ್ಲಿ ಎರಡು ಕಡೆ ಹಳದಿ ಇಣುಕುತ್ತಿತ್ತು, ಅಲ್ಲಿಗಷ್ಟೇ ಇನ್ನೊಮ್ಮೆ ಹಚ್ಚಿದೆ. ಆಮೇಲೆ ಶಾಂಪೂ ಹಾಕಲಿಲ್ಲ. ಒದ್ದೆ ಟವೆಲ್‌ನಲ್ಲಿ ಒರೆಸಿ, ಅದರ ಮೇಲೇ ಕಂದು ಹಚ್ಚಿದೆ.

ಇಲ್ಲಿ ಇನ್ನೊಂದು ಎಚ್ಚರ. ಬ್ಲೀಚ್ ಆದ ಕೂದಲು ಬಣ್ಣವನ್ನು ಜಾಸ್ತಿ ಹೀರುತ್ತದೆ. 5 ಬೇಕು ಅಂತ 5 ಹಚ್ಚಿದರೆ ಕಪ್ಪಗಾಗಿಬಿಡಬಹುದು. ಅದಕ್ಕೇ 6.0 ತೆಗೆದುಕೊಂಡೆ, ಐದೈದು ನಿಮಿಷಕ್ಕೆ ಒಂದು ಎಳೆ ಒರೆಸಿ ನೋಡುತ್ತಿದ್ದೆ. ಒಂದೆರಡು ಲೆವೆಲ್ ಅಷ್ಟೇ ಗಾಢ ಮಾಡೋದಿದ್ದರೆ ಸಾಮಾನ್ಯವಾಗಿ ಫಿಲ್ಲರ್ ಬೇಕಾಗೋದಿಲ್ಲ. ಮೂರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನಾನು ಫಿಲ್ಲರ್ ಬಿಡೋದಿಲ್ಲ.

ಒಂದೂವರೆ ತಿಂಗಳ ಮೇಲೆ ಟ್ರಿಮ್ ಮಾಡಿಸೋಕೆ ಬಂದಳು. ತುದಿಯ ಬಣ್ಣ ಸ್ವಲ್ಪ ತೆಳುವಾಗಿತ್ತು, ಆದರೆ ಜೇನುತುಪ್ಪದ ಕಡೆಗೆ. ಹಸಿರು ಎಲ್ಲೂ ಇರಲಿಲ್ಲ.