ಅತ್ತೆಯ ‘ಮಾವ’ ಅಂದ್ರೆ ನನ್ನ ‘ಅಜ್ಜ’: ಸಂದರ್ಶನದ ಕಡತ, ಮೂರನೇ ವಾರ

ಅಜ್ಜ ಎತ್ತಿನ ಗಾಡಿಯಲ್ಲಿ ಅಡಿಕೆ ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದ ಕಥೆಯನ್ನು ಶಿರಸಿಯ ಮನೆ ಜಗಲಿಯಲ್ಲಿ ಕೂತು ರೆಕಾರ್ಡ್ ಮಾಡಿದ್ದೆ. ಮೊದಲರ್ಧ ನಾನು ಟೈಪ್ ಮಾಡಿದೆ, ಉಳಿದದ್ದು ಅತ್ತೆ. ಇಬ್ಬರೂ ಪ್ಯಾರಾ ಮುರಿಯದೆ, ಮಾತಿನ ನಡುವೆಯೇ ಹೆಸರು ಬರೆದು ಕೋಲನ್ ಹಾಕುತ್ತ ಹೋಗಿದ್ದೇವೆ. ಅದನ್ನೀಗ ನಾಟಕದ ಪುಸ್ತಕದ ಹಾಗೆ, ಎಡಕ್ಕೆ ಹೆಸರು ಬಲಕ್ಕೆ ಮಾತು ಬರುವಂತೆ ಜೋಡಿಸಬೇಕು.

ಶನಿವಾರ: ಪೈಥಾನ್‌ನಲ್ಲಿ `\w+:` ಎಂದು ಹುಡುಕಿ, ಸಿಕ್ಕ ಹೆಸರಿನ ಹಿಂದೆ ಸಾಲು ಮುರಿದೆ. ಎಡವಟ್ಟಾಯಿತು. ‘ಅಜ್ಜ:’ ಇದ್ದಲ್ಲಿ ‘ಅಜ್’ ಹಿಂದಿನ ಸಾಲಿಗೇ ಅಂಟಿಕೊಂಡು, ಬರೀ ‘ಜ’ ಹೆಸರಾಗಿ ಕೂತಿತು. ‘ನಾನು:’ ಅಂತೂ ಸಿಗಲೇ ಇಲ್ಲ. ಪೈಥಾನ್‌ನ `re` ಲೆಕ್ಕದಲ್ಲಿ ಕನ್ನಡದ ಬಿಡಿ ಅಕ್ಷರ `\w`ಗೆ ಸೇರುತ್ತದೆ, ಕಾಗುಣಿತದ ಚಿಹ್ನೆಯೂ ಒತ್ತಕ್ಷರದ ನಡುವಿನ ಹಲಂತವೂ ಸೇರುವುದಿಲ್ಲ. ಹಾಗಾಗಿ ಹೆಸರುಗಳನ್ನು ಒಂದೊಂದಾಗಿ ನಾನೇ ಬರೆದುಕೊಡಬೇಕಾಯಿತು. ಇದರ ಮೇಲೆ ಅತ್ತೆ ಅಲ್ಲಲ್ಲಿ ಕೋಲನ್ ಬದಲು ವಿಸರ್ಗ ಒತ್ತಿದ್ದಾರೆ. ‘ಮಾವ:’ ಮತ್ತು ‘ಮಾವಃ’ ಕಣ್ಣಿಗೆ ಒಂದೇ, ಹುಡುಕಿದರೆ ಬೇರೆ.

ಭಾನುವಾರ: ಅಸಲಿ ತೊಡಕು ಸಂಬಂಧದ್ದು. ಅತ್ತೆಯ ಅರ್ಧದಲ್ಲಿ ‘ಮಾವ’ ಅಂದರೆ ಅವರ ಮಾವ, ಅಂದರೆ ನನ್ನ ಅಜ್ಜ. ನನ್ನ ಮಾವನ ಹೆಸರಿರಬೇಕಾದಲ್ಲಿ ‘ಇವರು’. ಗಂಡನಿಗೆ ಅವರು ಇನ್ನೇನು ಬರೆದಾರು! ‘ನಾನು’ ಅಂದರೆ ಅತ್ತೆ, ‘ಮಾಣಿ’ ಅಂದರೆ ನಾನು. ಮೊದಲು ‘ಇವರು’ ತೆಗೆದು ‘ಮಾವ’ ಮಾಡಿ, ಆಮೇಲೆ ‘ಮಾವ’ ಇದ್ದಲ್ಲೆಲ್ಲ ‘ಅಜ್ಜ’ ಮಾಡಿದೆ. ಮಾವನ ಮಾತೆಲ್ಲ ಅಜ್ಜನ ಬಾಯಿಗೆ ಹೋಯಿತು. ಅಜ್ಜ ಬೈಕ್ ಸರ್ವಿಸಿಂಗ್ ಬಗ್ಗೆ ಮಾತಾಡತೊಡಗಿದಾಗ ಗೊತ್ತಾಯಿತು. ನಾಲ್ಕನ್ನೂ ಒಂದೇ ಸುತ್ತಿನಲ್ಲಿ ಬದಲಿಸಿದರೆ ಈ ರಗಳೆ ಇಲ್ಲ. ಅತ್ತೆಯ ಅರ್ಧವನ್ನು ಬೇರೆ ಫೈಲ್ ಮಾಡಿ, ಅದಕ್ಕೆ ಮಾತ್ರ ಇದನ್ನು ಓಡಿಸಿದೆ (`t` ಅಂದರೆ ಆ ಫೈಲಿನ ಪಠ್ಯ):

```python
import re
m = {"ಮಾವ": "ಅಜ್ಜ", "ಇವರು": "ಮಾವ",
     "ನಾನು": "ಅತ್ತೆ", "ಮಾಣಿ": "ನಾನು"}
p = r"(?<!\S)(" + "|".join(m) + r")\s*[:ಃ]\s*"
t = re.sub(p, lambda x: "\n" + m[x[1]] + "\t", t)
```

ಹಿಂದೆ ಖಾಲಿ ಜಾಗ, ಮುಂದೆ ಕೋಲನ್ ಅಥವಾ ವಿಸರ್ಗ ಇದ್ದರೆ ಮಾತ್ರ ಹೆಸರು ಬದಲಾಗುತ್ತದೆ. ಮಾತಿನೊಳಗಿನ ‘ನಾನು’, ‘ಇವರು’ ಹಾಗೇ ಉಳಿದವು.

ಒಂದು ಕಡೆ ಮಾತ್ರ ಕೈಕೊಟ್ಟಿತು. ನಾಕೆಯವನು ಗಾಡಿ ಯಾರದ್ದೆಂದು ಕೇಳಿದ್ದನ್ನು ಅಜ್ಜ ಹೇಳುತ್ತಾರೆ, ಅದರ ಹಿಂದೆಯೇ ‘ನಾನು: ಗಾಡಿ ನಂದೇಯ’ ಅಂತ ಇದೆ. ಅಜ್ಜನ ಬಾಯಲ್ಲಿ ಬಂದದ್ದು ‘ಆನು’. ಅತ್ತೆ ಅದನ್ನು ಪುಸ್ತಕದ ಕನ್ನಡ ಮಾಡಿ ಕೋಲನ್ ಕೂಡ ಹಾಕಿದ್ದಾರೆ. ಹೀಗಾಗಿ ಗಾಡಿ ಅತ್ತೆಯದಾಯಿತು. ಇಂಥದ್ದು ಯಾವ ಸೂತ್ರಕ್ಕೂ ಸಿಗುವುದಿಲ್ಲ, ರೆಕಾರ್ಡಿಂಗ್ ಕೇಳುತ್ತ ಓದಿದಾಗಲೇ ಸಿಕ್ಕಿತು. ಕೋಲನ್ ತೆಗೆದು ಉದ್ಧರಣ ಚಿಹ್ನೆ ಹಾಕಿದೆ. ಒಂದೇ ಹೆಸರು ಬೆನ್ನಿಗೇ ಎರಡು ಸಲ ಬಂದ ಜಾಗಗಳನ್ನೂ ಗುರುತು ಮಾಡಿಕೊಂಡಿದ್ದೇನೆ. ಹೆಚ್ಚಿನ ಕಡೆ ನಡುವಿನ ಪ್ರಶ್ನೆಯನ್ನು ಟೈಪ್ ಮಾಡುವುದೇ ಬಿಟ್ಟುಹೋಗಿದೆ.

ಕೊನೆಗೆ ಲಿಬ್ರೆಆಫೀಸ್‌ನಲ್ಲಿ ಪ್ಯಾರಾದ ಎಡ ಅಂಚು 3 ಸೆಂ.ಮೀ., ಮೊದಲ ಸಾಲು −3 ಸೆಂ.ಮೀ. ಕೊಟ್ಟೆ. ಹೆಸರಿನ ಮುಂದಿನ ಟ್ಯಾಬ್‌ನಿಂದ ಮಾತೆಲ್ಲ ಒಂದೇ ಗೆರೆಗೆ ಬಂತು. ಸ್ಪೇಸ್ ಒತ್ತಿ ಸಾಲು ಹಿಡಿಸುವ ಆಸೆ ಬೇಡ, ಕನ್ನಡದ ಅಕ್ಷರಗಳು ಒಂದೊಂದು ಒಂದೊಂದು ಅಗಲ.

ಫೈಲ್ ಅತ್ತೆಗೆ ಕಳಿಸಿದೆ. ‘ಇವರು’ ಅಂತಲೇ ಇರಲಿ ಎನ್ನುತ್ತಿದ್ದಾರೆ.