ಎರಡನೆಯ ಸಾಲಿನ ಮೇಲಿನ ನೆರಳು

ಸೋಮವಾರಪೇಟೆಯ ಕಡೆಯಿರುವ ನಮ್ಮ ತೋಟದಲ್ಲಿ, ಕಾಫಿ ಒಣಗಿಸುವ ಕಣದ ಹಿಂದಿನ ಬಾಣೆ ಜಾಗದಲ್ಲಿ, ಕೆರೆಯ ಪಂಪು ಮತ್ತು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆಂದು ಇಪ್ಪತ್ತು ಸೋಲಾರ್ ಪ್ಯಾನೆಲ್‌ಗಳನ್ನು ಎರಡು ಸಾಲಾಗಿ ನೆಲದ ಮೇಲೆ ನಿಲ್ಲಿಸಿದ್ದೇವೆ. ಒಂದೊಂದು ಸಾಲಿನಲ್ಲೂ ಕೆಳಗೆ ಐದು, ಅವುಗಳ ಮೇಲೆ ಐದು ಪ್ಯಾನೆಲ್‌ಗಳು ಉದ್ದುದ್ದವಾಗಿ ಕುಳಿತಿವೆ; ಎಲ್ಲವೂ ದಕ್ಷಿಣಕ್ಕೆ 15 ಡಿಗ್ರಿ ಓರೆಯಾಗಿದ್ದವು. ಏಪ್ರಿಲ್ ಕೊನೆಯ ವಾರ ಕೆಲಸ ಮುಗಿದಾಗ ಎರಡೂ ಸಾಲುಗಳು ಸಮಸಮವಾಗಿ ವಿದ್ಯುತ್ ಕೊಟ್ಟವು. ಆ ದಿನಗಳಲ್ಲಿ ಕೊಡಗಿನ ನೆತ್ತಿಯ ಮೇಲೆಯೇ ಸೂರ್ಯ ಹಾಯುವುದರಿಂದ ನಡುಹಗಲಿನಲ್ಲಿ ನಮ್ಮ ನೆರಳು ಪಾದದ ಕೆಳಗೇ ಇರುತ್ತದೆ. ಆಗ ನೋಡಿ ಒಪ್ಪಿಕೊಂಡದ್ದೇ ನಮ್ಮ ತಪ್ಪಾಯಿತೆಂದು ಡಿಸೆಂಬರ್‌ನಲ್ಲಿ ತಿಳಿಯಿತು.

ಹಣ್ಣು ಕೊಯ್ಲು ನಡೆಯುತ್ತಿದ್ದ ಆ ತಿಂಗಳು ಇನ್ವರ್ಟರ್‌ನಲ್ಲಿ ಉತ್ತರದ, ಅಂದರೆ ಹಿಂದಿನ ಸಾಲಿನ ಉತ್ಪಾದನೆ ಬೆಳಿಗ್ಗೆಯೂ ಸಂಜೆಯೂ ಮುಂದಿನದಕ್ಕಿಂತ ಬಹಳ ಕಡಿಮೆ ಇತ್ತು. ಪೂರ್ವದ ಬೇಲಿಯಲ್ಲಿದ್ದ ಸಿಲ್ವರ್ ಓಕ್ ಮರಗಳೇ ಕಾರಣವೆಂದು ತಿಳಿದು ನಾನು ಕೊಂಬೆ ಕಡಿಸಿದೆ, ಏನೂ ಬದಲಾಗಲಿಲ್ಲ. ಮರದ ನೆರಳಾಗಿದ್ದರೆ ಬೆಳಿಗ್ಗೆ ಮಾತ್ರ ಕಾಡಬೇಕಿತ್ತು, ಸಂಜೆಗೂ ಅದೇ ಕೊರತೆ ಇರುತ್ತಿರಲಿಲ್ಲ ಎಂಬುದನ್ನು ನಾನು ಆಗಲೇ ಯೋಚಿಸಬೇಕಾಗಿತ್ತು.

ಡಿಸೆಂಬರ್ 21ರಂದು, ಎಂಜಿನಿಯರಿಂಗ್ ಓದಿರುವ ನನ್ನ ತಮ್ಮನ ಮಗನೊಂದಿಗೆ ಬೆಳಗಿನ ಮಂಜು ಕರಗುತ್ತಿದ್ದಂತೆ ಅಲ್ಲಿಗೆ ಹೋಗಿ ನಿಂತೆ. ಒಂಬತ್ತು ಗಂಟೆಗೆ ಮುಂದಿನ ಸಾಲಿನ ನೆರಳು ಹಿಂದಿನ ಸಾಲಿನ ಕೆಳಗಿನ ಪ್ಯಾನೆಲ್‌ಗಳ ಮೇಲೆ ಮೊಣಕೈಯುದ್ದಕ್ಕಿಂತ ಹೆಚ್ಚಾಗಿ ಹತ್ತಿತ್ತು. ಟೇಪು ಹಿಡಿದರೆ 55 ಸೆಂಟಿಮೀಟರ್. ಪೂರ್ವದ ತುದಿಯ ಎರಡು ಪ್ಯಾನೆಲ್‌ಗಳ ಮೇಲೆ ಮಾತ್ರ ಬಿಸಿಲಿತ್ತು, ಏಕೆಂದರೆ ಸೂರ್ಯ ಆಗ್ನೇಯದಲ್ಲಿರುವಾಗ ನೆರಳು ನೇರ ಉತ್ತರಕ್ಕೆ ಬೀಳದೆ ವಾಯವ್ಯಕ್ಕೆ ಸರಿದಿರುತ್ತದೆ.

ಸಾಲು ನಿಲ್ಲಿಸಿದವರ ಲೆಕ್ಕದ ಹಾಳೆಯಲ್ಲಿ, ವರ್ಷದ ಅತಿ ತಗ್ಗಿನ ಸೂರ್ಯನಿರುವ ದಿನವೂ ಒಂಬತ್ತರಿಂದ ಮೂರರವರೆಗೆ ನೆರಳು ತಾಗದು ಎಂದಿತ್ತು. ನಾನು ಅದನ್ನು ತೋರಿಸಿದಾಗ ಹುಡುಗ ಹೇಳಿದ: "ದೊಡ್ಡಪ್ಪ, ಅದು ಸೂರ್ಯನ ಒಂಬತ್ತು ಗಂಟೆ. ನಮ್ಮ ಗಡಿಯಾರದಲ್ಲಿ ಅದು ಒಂಬತ್ತೂ ಇಪ್ಪತ್ತೈದು." ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಕೊಡಗು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ. ಹೀಗಾಗಿ ಆ ದಿನ ನಮ್ಮಲ್ಲಿ ಸೂರ್ಯನ ಮಧ್ಯಾಹ್ನ ಸುಮಾರು 12.25ಕ್ಕೆ. ನಾವು ಕಾದೆವು. 9.25ಕ್ಕೂ ನೆರಳು 40 ಸೆಂಟಿಮೀಟರ್ ಮೇಲೆಯೇ ಇತ್ತು. ಗಡಿಯಾರ ಸ್ವಲ್ಪ ಭಾಗಕ್ಕೆ ಮಾತ್ರ ಕಾರಣ ಎಂದಾಯಿತು.

ಅಲ್ಲೇ ಕಣದ ಕಟ್ಟೆಯ ಮೇಲೆ ಕುಳಿತು ಲೆಕ್ಕ ಮಾಡಿದೆವು. ಎರಡು ಪ್ಯಾನೆಲ್‌ಗಳು ಸೇರಿ ಓರೆಯ ಉದ್ದ 4.58 ಮೀಟರ್, 15 ಡಿಗ್ರಿ ಓರೆಯಲ್ಲಿ ಮೇಲಂಚು ಕೆಳ ಅಂಚಿಗಿಂತ 1.19 ಮೀಟರ್ ಎತ್ತರದಲ್ಲಿರುತ್ತದೆ, ನೆಲದ ಮೇಲೆ ಅದು 4.42 ಮೀಟರ್ ಹರಡುತ್ತದೆ. ಕೊಡಗಿನ 12.4 ಡಿಗ್ರಿ ಅಕ್ಷಾಂಶದಲ್ಲಿ ಆ ದಿನ ಸೂರ್ಯನ ಒಂಬತ್ತು ಗಂಟೆಗೆ ಸೂರ್ಯ ದಿಗಂತದಿಂದ 33 ಡಿಗ್ರಿ ಮೇಲೆ, ದಕ್ಷಿಣದಿಂದ 51 ಡಿಗ್ರಿ ಪೂರ್ವಕ್ಕೆ ಇರುತ್ತಾನೆ. ನೆರಳಿನ ಪೂರ್ತಿ ಉದ್ದ ಎತ್ತರದ ಒಂದೂವರೆ ಪಟ್ಟು. ಆದರೆ ಹಿಂದಿನ ಸಾಲಿಗೆ ಸಂಬಂಧಿಸಿದ್ದು ಅದರ ಉತ್ತರದ ಪಾಲು ಮಾತ್ರ, ಅದು ಎತ್ತರದ 0.96 ಪಟ್ಟು. ಪೂರ್ತಿ ಉದ್ದವನ್ನೇ ಅಂತರವೆಂದು ಹಿಡಿದರೆ ಜಾಗ ವ್ಯರ್ಥವಾಗುತ್ತದೆ. 1.19 ಮೀಟರ್‌ಗೆ ಬೇಕಾದದ್ದು 1.14 ಮೀಟರ್, ಅವರು 1.2 ಮೀಟರ್ ಬಿಟ್ಟಿದ್ದರು. ಹಾಳೆಯ ಲೆಕ್ಕ ಸರಿಯೇ ಇತ್ತು, ಸಮತಟ್ಟಾದ ನೆಲಕ್ಕೆ.

ನಮ್ಮ ಬಾಣೆ ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ. ಗುಡ್ಡಗಳ ನಡುವೆ ಬದುಕುವ ನಮ್ಮ ಕಣ್ಣು ಸಣ್ಣ ಇಳಿಜಾರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇಸ್ತ್ರಿ ಮನೆಯಿಂದ ನೀರು ತುಂಬಿದ ಪಾರದರ್ಶಕ ಟ್ಯೂಬ್ ತರಿಸಿ, ಒಂದು ತುದಿಯನ್ನು ಮುಂದಿನ ಸಾಲಿನ ಕೆಳ ಅಂಚಿಗೆ ನಾನು ಹಿಡಿದೆ, ಇನ್ನೊಂದನ್ನು ಹಿಂದಿನ ಸಾಲಿನ ಬಳಿ ಅವನು ಹಿಡಿದ. ನೀರು ತೂಗಾಡಿ ನಿಂತಾಗ ಅವನ ಕಡೆಯ ನೀರಿನ ಮಟ್ಟ ಪ್ಯಾನೆಲ್‌ನ ಕೆಳ ಅಂಚಿಗಿಂತ 56 ಸೆಂಟಿಮೀಟರ್ ಮೇಲಿತ್ತು. ಎರಡು ಕೆಳ ಅಂಚುಗಳ ನಡುವಿನ ದೂರ 5.62 ಮೀಟರ್, ಅಂದರೆ ನೆಲ ಉತ್ತರಕ್ಕೆ ಮೀಟರ್‌ಗೆ 10 ಸೆಂಟಿಮೀಟರ್ ಇಳಿಯುತ್ತಿತ್ತು. ಮುಂದಿನ ಮೇಲಂಚಿಗೂ ಹಿಂದಿನ ಕೆಳ ಅಂಚಿಗೂ ಇರುವ ನಿಜವಾದ ಎತ್ತರದ ವ್ಯತ್ಯಾಸ 1.19 ಅಲ್ಲ, 1.75 ಮೀಟರ್.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇಳಿಜಾರನ್ನು ಸಾಲುಗಳ ನಡುವಿನ ಖಾಲಿ ಜಾಗಕ್ಕೆ ಮಾತ್ರ ಲೆಕ್ಕ ಹಾಕಿದರೆ 12 ಸೆಂಟಿಮೀಟರ್ ಅಷ್ಟೇ ಸಿಗುತ್ತದೆ, ಮತ್ತು ಅದನ್ನು ನೋಡಿ ಯಾರಾದರೂ ಕಡೆಗಣಿಸುತ್ತಾರೆ. ಪ್ಯಾನೆಲ್‌ನ ಕೆಳಗೂ ನೆಲ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಒಂದು ಕೆಳ ಅಂಚಿನಿಂದ ಇನ್ನೊಂದು ಕೆಳ ಅಂಚಿನವರೆಗಿನ ಪೂರ್ತಿ ಇಳಿತವನ್ನು ಸೇರಿಸಬೇಕು. ನಾವು ಬರೆದುಕೊಂಡ ಸೂತ್ರ ಇದು:

```
g = (h + s × b) / (k − s)
```

ಇದರಲ್ಲಿ g ಬೇಕಾದ ಅಂತರ, h ಸಾಲಿನ ಎತ್ತರ, b ಸಾಲು ನೆಲದ ಮೇಲೆ ಹರಡುವ ಅಗಲ, s ಉತ್ತರಕ್ಕೆ ಮೀಟರ್‌ಗೆ ಎಷ್ಟು ಇಳಿತ ಎಂಬುದು. ನೆರಳಿನ ಗೆರೆ ಉತ್ತರಕ್ಕೆ ಒಂದು ಮೀಟರ್ ಸಾಗುವಷ್ಟರಲ್ಲಿ ಎಷ್ಟು ಕೆಳಗಿಳಿಯುತ್ತದೆ ಎಂಬುದೇ k. ನಮ್ಮಲ್ಲಿ ಸೂರ್ಯನ ಒಂಬತ್ತು ಗಂಟೆಗೆ ಅದು 1.04. ಅಂಕಿಗಳನ್ನು ಹಾಕಿದರೆ 1.74 ಮೀಟರ್ ಬರುತ್ತದೆ, ಅಂದರೆ ನಮ್ಮಲ್ಲಿ ಅರ್ಧ ಮೀಟರಿಗೂ ಮಿಕ್ಕಿ ಕೊರತೆ ಇತ್ತು. ನೆಲ ದಕ್ಷಿಣಕ್ಕೆ ಇಳಿಯುತ್ತಿದ್ದರೆ s ಋಣವಾಗಿ, ಅಂತರ ಕಡಿಮೆ ಸಾಕಾಗುತ್ತಿತ್ತು.

ಮಧ್ಯಾಹ್ನ 12.25ಕ್ಕೂ ಐದಾರು ಸೆಂಟಿಮೀಟರ್‌ನ ಕಪ್ಪು ಪಟ್ಟಿ ಕೆಳ ಅಂಚಿನಲ್ಲಿ ಉಳಿದಿತ್ತು. ಇಷ್ಟೇ ತಾನೇ ಎನ್ನುವಂತಿಲ್ಲ: ಉದ್ದವಾಗಿ ನಿಲ್ಲಿಸಿದ ಪ್ಯಾನೆಲ್‌ನಲ್ಲಿ ಆ ಪಟ್ಟಿ ಅಡ್ಡ ಸಾಲಿನ ಎಲ್ಲಾ ಸೆಲ್‌ಗಳನ್ನೂ ಒಟ್ಟಿಗೆ ಮುಚ್ಚುತ್ತದೆ, ಸರಣಿಯಲ್ಲಿರುವ ಸೆಲ್‌ಗಳ ಪ್ರವಾಹ ಅತಿ ಕಡಿಮೆ ಬೆಳಕಿರುವ ಸೆಲ್ಲಿನಷ್ಟಕ್ಕೇ ಇಳಿಯುತ್ತದೆ. ನಮ್ಮವು ಅರ್ಧ ಸೆಲ್ಲಿನ ಪ್ಯಾನೆಲ್‌ಗಳಾದ್ದರಿಂದ ಮೇಲಿನ ಅರ್ಧ ಬೇರೆಯಾಗಿ ನಡೆಯುತ್ತಿತ್ತು. ಹಳೆಯ ಬಗೆಯವಾಗಿದ್ದರೆ ಇಡೀ ಪ್ಯಾನೆಲ್ ಸೊರಗುತ್ತಿತ್ತು. ಕೊಡಗಿನಲ್ಲಿ ಇದು ಹೆಚ್ಚು ನೋಯಿಸುತ್ತದೆ. ಸೂರ್ಯ ಎತ್ತರದಲ್ಲಿರುವ ಜೂನ್, ಜುಲೈ ಮಳೆಯಲ್ಲೇ ಕಳೆಯುತ್ತವೆ. ಆಕಾಶ ತಿಳಿಯಾಗುವ, ಪಲ್ಪರ್ ತಿರುಗುವ ತಿಂಗಳುಗಳಲ್ಲೇ ಸೂರ್ಯ ತಗ್ಗಿನಲ್ಲಿರುತ್ತಾನೆ.

ಕಾಂಕ್ರೀಟ್ ಬುಡಗಳನ್ನು ಕೀಳುವುದು ನಮ್ಮಿಂದ ಆಗದ ಕೆಲಸ. ಆದ್ದರಿಂದ ಕೊಯ್ಲು ಮುಗಿದ ಮೇಲೆ ಎರಡೂ ಸಾಲುಗಳ ಹಿಂದಿನ ಕಾಲುಗಳನ್ನು ಕುಗ್ಗಿಸಿ ಓರೆಯನ್ನು 10 ಡಿಗ್ರಿಗೆ ಇಳಿಸಿದೆವು, ಹಿಂದಿನ ಸಾಲಿನ ಮುಂಗಾಲುಗಳಿಗೆ ತುಂಡು ಜೋಡಿಸಿ ಅದರ ಕೆಳ ಅಂಚನ್ನು 25 ಸೆಂಟಿಮೀಟರ್ ಎತ್ತಿದೆವು. ಈಗ ಎತ್ತರದ ವ್ಯತ್ಯಾಸ 1.11 ಮೀಟರ್, ಬೇಕಾದ ಅಂತರ 1.07, ಇರುವುದು 1.11. ನಮ್ಮ ಅಕ್ಷಾಂಶದಲ್ಲಿ 15ರಿಂದ 10 ಡಿಗ್ರಿಗೆ ಇಳಿದರೆ ವರ್ಷದ ಉತ್ಪಾದನೆಯಲ್ಲಿ ಹೇಳಿಕೊಳ್ಳುವಂಥ ನಷ್ಟವಿಲ್ಲ. ಅದಕ್ಕೂ ಕೆಳಗಿಳಿಸಲು ನಾನು ಒಪ್ಪಲಿಲ್ಲ, ಚೌಕಟ್ಟಿನ ಕೆಳ ಅಂಚಿನಲ್ಲಿ ನೀರು ನಿಂತು ನಮ್ಮ ಮಳೆಗೆ ಪಾಚಿ ಕಟ್ಟುತ್ತದೆ.

ಮರುವರ್ಷ ಅದೇ ದಿನ ಮತ್ತೆ ಟೇಪು ಹಿಡಿದು ನಿಂತೆವು. ಗಡಿಯಾರದ ಒಂಬತ್ತಕ್ಕೆ ನೆರಳು ಪ್ಯಾನೆಲ್‌ನ ಮೇಲೆ ಏಳು ಸೆಂಟಿಮೀಟರ್ ಇತ್ತು. 9.25ಕ್ಕೆ ಅದು ಕೆಳ ಅಂಚನ್ನು ಬಿಟ್ಟು ಮುಂಗಾಲುಗಳ ಮೇಲೆ ಇಳಿದಿತ್ತು.