ಬೆಲೆ, ಬೆಳೆ, ಬೇಳೆ: ಕಾಕಾ ಅವರ ನೆನಪುಗಳ ಕರಡು ತಿದ್ದುತ್ತಾ

ಮೊದಲ ಭಾನುವಾರ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ಕಾಕಾ ತಮ್ಮ ನೆನಪುಗಳನ್ನು ಬರೆದುಕೊಟ್ಟಿದ್ದಾರೆ. ಅವರು ಕಲಬುರಗಿ ಕಡೆಯವರು. ಮೊದಲು ಮುಂಬಯಿಯ ಮಸ್ಜಿದ್ ಬಂದರ್‌ನಲ್ಲಿ, ಕಾಳಿನ ಪೇಟೆ ವಾಶಿಗೆ ಹೋದ ಮೇಲೆ ಅಲ್ಲಿ, ಹೀಗೆ ಮೂವತ್ತು ವರ್ಷಕ್ಕೂ ಜಾಸ್ತಿ ತೊಗರಿ ವ್ಯಾಪಾರದಲ್ಲೇ ಇದ್ದರು. ಕೈಬರಹ 38 ಹಾಳೆ ಇದೆ. ನನ್ನ ಹತ್ತಿರ ಇರುವುದು ಅದರ ಜೆರಾಕ್ಸ್. ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನ ಹುಡುಗ ಅದನ್ನು ಟೈಪ್ ಮಾಡಿದ್ದಾನೆ. ಕರಡು ತಿದ್ದುವುದು ನನ್ನ ಪಾಲಿಗೆ ಬಂದಿದೆ.

ಮೊದಲ ಓದಿನಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. ಕೆಂಪು ಗೆರೆ ಬಿದ್ದ ಪದಗಳನ್ನೆಲ್ಲ ತಿದ್ದಿದೆ. ಆಮೇಲೆ ಈ ಸಾಲಿಗೆ ಬಂದು ನಿಂತೆ: "ಆ ವರ್ಷ ತೊಗರಿ ಬೆಲೆ ತೀರಾ ಕಡಿಮೆ. ಪೇಟೆಗೆ ಚೀಲಗಳೇ ಬರಲಿಲ್ಲ."

ಬೆಲೆ ಕಡಿಮೆ ಅಂದರೆ ಮಾಲು ಜಾಸ್ತಿ ಬಂದಿರಬೇಕು, ಅಲ್ವಾ? ಚೀಲಗಳೇ ಬರಲಿಲ್ಲ ಅಂದಮೇಲೆ ಅದು "ಬೆಳೆ" ಇರಬೇಕು. ಒಂದೇ ಅಕ್ಷರ ತಪ್ಪಿ ಮಾತು ಪೂರ್ತಿ ತಿರುಗಿಬಿಟ್ಟಿದೆ. ಬೆಲೆಯೂ ಪದಕೋಶದಲ್ಲಿರುವ ಪದವೇ, ಆದ್ದರಿಂದ ಕೆಂಪು ಗೆರೆ ಬಂದಿಲ್ಲ.

ಸೋಮವಾರ ರಾತ್ರಿ

ಇಂಥವು ಇನ್ನೂ ಇರಬಹುದು ಅನ್ನಿಸಿತು. ಕಡತವನ್ನು ಬರೀ ಪಠ್ಯವಾಗಿ ಉಳಿಸಿ, ಮೂರು ಪದಗಳನ್ನೂ ಹುಡುಕಿದೆ. ಬೇಳೆಯನ್ನು ಸೇರಿಸಿದ್ದು ಯಾಕೆಂದರೆ ಅದೂ ಇದೇ ಗುಂಪಿನದು.

```
grep -nE 'ಬೆಲೆ|ಬೆಳೆ|ಬೇಳೆ' kaka.txt
```

ಬೆಲೆ 29 ಕಡೆ, ಬೆಳೆ 9 ಕಡೆ, ಬೇಳೆ ಬರೀ 3 ಕಡೆ. ಜೀವನವಿಡೀ ತೊಗರಿ ಬೇಳೆ ಮಾರಿದವರ ಬರಹದಲ್ಲಿ ಬೇಳೆ ಮೂರೇ ಸಲ ಬರುವುದುಂಟೇ! ಅಲ್ಲಿಗೆ ಅನುಮಾನ ಗಟ್ಟಿಯಾಯಿತು.

ಬುಧವಾರ

ಹುಡುಗನನ್ನು ಕೇಳಿದೆ, "ಯಾವ ಕೀಲಿಮಣೆಯಲ್ಲಿ ಟೈಪ್ ಮಾಡ್ತೀಯಪ್ಪಾ?" "ನುಡಿ, ಅಕ್ಕಾ" ಅಂದ. ಆ ವಿನ್ಯಾಸದಲ್ಲಿ ಈ ಮೂರು ಪದಗಳನ್ನು ಒತ್ತುವುದು ಹೀಗೆ:

```
ಬೆಲೆ = b e l e
ಬೆಳೆ = b e L e
ಬೇಳೆ = b E L e
```

ಇದನ್ನು ಕಾಗದದ ಮೇಲೆ ಬರೆದು ನೋಡಿದಾಗಲೇ ನನಗೆ ದಾರಿ ಕಂಡಿದ್ದು. ಮೂರರಲ್ಲೂ ಬೆರಳು ಒತ್ತುವುದು ಅದೇ ನಾಲ್ಕು ಕೀಲಿ. ವ್ಯತ್ಯಾಸ ಇರುವುದು ಶಿಫ್ಟ್‌ನಲ್ಲಿ ಮಾತ್ರ. ಬೆಲೆಗೆ ಶಿಫ್ಟ್ ಬೇಡ, ಬೆಳೆಗೆ ಒಂದು ಸಲ ಬೇಕು, ಬೇಳೆಗೆ ಎರಡು ಸಲ.

ಅವಸರದಲ್ಲಿ ಬೆರಳು ಶಿಫ್ಟ್ ಬಿಟ್ಟುಬಿಡುವುದೇ ಜಾಸ್ತಿ. ಬೇಡದ ಕಡೆ ಒತ್ತುವುದು ಕಡಿಮೆ. ಹಾಗಾಗಿ ತಪ್ಪು ಒಂದೇ ದಿಕ್ಕಿಗೆ ಹರಿಯುತ್ತದೆ. ಬೇಳೆಯಲ್ಲಿ ಮೊದಲ ಶಿಫ್ಟ್ ತಪ್ಪಿದರೆ ಬೆಳೆ. ಎರಡೂ ತಪ್ಪಿದರೆ ಬೆಲೆ. ಎರಡನೆಯದು ಮಾತ್ರ ತಪ್ಪಿದರೆ "ಬೇಲೆ" ಆಗುತ್ತದೆ, ಅಂಥ ಪದ ಇಲ್ಲ, ಕೆಂಪು ಗೆರೆಯೇ ಹಿಡಿದುಕೊಡುತ್ತದೆ. ಉಳಿದವು ತಣ್ಣಗೆ ನುಸುಳಿಹೋಗುತ್ತವೆ. ಅಂದರೆ ನಾನು ಮೊದಲು ಅನುಮಾನ ಪಡಬೇಕಾದದ್ದು ಶಿಫ್ಟ್ ಇಲ್ಲದ ಪದವನ್ನು, ಅಂದರೆ ಬೆಲೆಯನ್ನು. ಅದಾದ ಮೇಲೆ ಬೆಳೆ. ಬೇಳೆ ಎಂದು ಬಿದ್ದ ಕಡೆ ಹೆಚ್ಚಾಗಿ ಸರಿಯೇ ಇರುತ್ತದೆ.

ಇನ್ನೊಂದು ವಿಷಯ. ಹುಡುಗ ಓದಿದ್ದು ಮರಾಠಿ ಶಾಲೆಯಲ್ಲಿ. ಮರಾಠಿಯಲ್ಲಿ ಳ ಇದೆ, ಣ ಇದೆ. ಅವನ್ನು ಅವನ ಕಿವಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಅಲ್ಲಿ ನಮ್ಮ ಹಾಗೆ ಎ, ಏ ಎಂದು ಎರಡಕ್ಷರ ಇಲ್ಲ. ಒ, ಓ ಕೂಡ ಹಾಗೆಯೇ. ಹಾಗಾಗಿ ಲ ಬಿದ್ದ ಕಡೆ ಬೆರಳಿನ ತಪ್ಪು, ಎತ್ವ ಬಿದ್ದ ಕಡೆ ಕಿವಿಯ ತಪ್ಪೂ ಇರಬಹುದು. ಲ, ಳ ವ್ಯತ್ಯಾಸವನ್ನು ಅವನಿಗೆ ತೋರಿಸಿದರೆ ತಾನೇ ತಿದ್ದಿಕೊಳ್ಳುತ್ತಾನೆ. ಎ, ಏ ಮಾತ್ರ ನಾನೇ ಕೂತು ನೋಡಬೇಕು. ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳ ಕನ್ನಡ ತಿದ್ದುವವರು ಇದನ್ನು ನೆನಪಿಡಬೇಕು ಎನ್ನುವುದು ನನ್ನ ಅನುಭವ.

ಶನಿವಾರ

29 ಬೆಲೆಗಳನ್ನೂ ಒಂದೊಂದಾಗಿ ನೋಡಿದೆ. ಪಕ್ಕದ ಪದಗಳೇ ಹೆಚ್ಚಿನ ಕಡೆ ಉತ್ತರ ಹೇಳುತ್ತವೆ. ರೂಪಾಯಿ, ಕ್ವಿಂಟಲ್, ಏರಿತು, ಇಳಿಯಿತು ಇದ್ದರೆ ಬೆಲೆಯೇ ಸರಿ. ಬಿತ್ತನೆ, ಎಕರೆ, ಮಳೆ ಇದ್ದರೆ ಬೆಳೆ. ಮಿಲ್, ಸಾರು, ಬೇಯುವುದು ಇದ್ದರೆ ಬೇಳೆ. "ಮಿಲ್ಲಿನಿಂದ ಬಂದ ಬೆಲೆಯಲ್ಲಿ ಸಿಪ್ಪೆ ಉಳಿದಿತ್ತು" ಎಂಬ ಸಾಲನ್ನು ತಿದ್ದಲು ಯಾರನ್ನೂ ಕೇಳಬೇಕಿಲ್ಲ.

ತೊಂದರೆ ಕೊಡುವುದು ಕಡಿಮೆ, ಜಾಸ್ತಿ, ಒಳ್ಳೆಯ ಎಂಬ ಪದಗಳು. ಒಳ್ಳೆಯ ಬೆಲೆ, ಒಳ್ಳೆಯ ಬೆಳೆ, ಒಳ್ಳೆಯ ಬೇಳೆ, ಮೂರೂ ಸರಿಯಾದ ಕನ್ನಡ. ಅಂಥ ಕಡೆ ಊಹಿಸಿ ತಿದ್ದಬಾರದು. ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೈಬರಹ ನೋಡಬೇಕು. ನೋಡಿದೆ. ಅಲ್ಲಿಗೂ ಏಳು ಸಾಲು ಉಳಿದವು. ಜೆರಾಕ್ಸ್‌ನಲ್ಲಿ ದೀರ್ಘದ ಗೆರೆಗಳು ಅಳಿಸಿಹೋಗಿವೆ.

ಕಾಕಾಗೆ ಫೋನ್ ಮಾಡಿ ಮೊದಲ ಸಾಲನ್ನು ಓದಿದೆ.

"ಬೆಳಿ ಕಮ್ಮಿ ಬಂದಿತ್ತವ್ವಾ. ಮಳಿನೇ ಆಗಿದ್ದಿಲ್ಲ. ಬೆಲಿ ಎಲ್ಲಿ ಕಮ್ಮಿ? ಮುಗಿಲಿಗಿ ಮುಟ್ಟಿತ್ತು!"

ಅವರ ಬಾಯಲ್ಲಿ ಮೂರೂ ಬೇರೆ ಬೇರೆ ಕೇಳಿಸುತ್ತವೆ: ಬೆಲಿ, ಬೆಳಿ, ಬ್ಯಾಳಿ. ಬ್ಯಾಳಿಯಂತೂ ಯಾವುದರ ಜೊತೆಗೂ ಬೆರೆಯುವುದಿಲ್ಲ. ಆದ್ದರಿಂದ ಉಳಿದ ಸಾಲುಗಳನ್ನು ನಾನು ಓದಲಿಲ್ಲ. ನಾನು ಓದಿದರೆ ನನ್ನ ಊಹೆಯೇ ಅವರ ಕಿವಿಗೆ ಬೀಳುತ್ತದೆ. "ಕಾಕಾ, ಆ ಮಾತು ನೀವೇ ಹೇಳ್ರಿ" ಅಂದೆ. ಅವರು ಹೇಳುತ್ತಾ ಹೋದರು, ನಾನು ಗುರುತು ಹಾಕಿಕೊಂಡೆ. ಫೋನಿನಲ್ಲೇ ಐದು ಸಾಲು ಬಗೆಹರಿದವು.

ಎರಡನೇ ವಾರ

ಅದೇ ಲೆಕ್ಕದಲ್ಲಿ ಬೇರೆ ಜೋಡಿಗಳನ್ನು ಹುಡುಕಿದೆ. ಶಿಫ್ಟ್ ಕಡಿಮೆ ಇರುವ ರೂಪವನ್ನೇ ಮೊದಲು ಹುಡುಕುವುದು: ಕೊಲ್ಲು, ದನ, ಅನ್ನ, ಹಾಲು. ಇವುಗಳ ಹಿಂದೆ ಕೊಳ್ಳು, ಧನ, ಅಣ್ಣ, ಹಾಳು ಅಡಗಿರಬಹುದು. "ಕೊಲ್ಲ" ಎಂದು ಹುಡುಕಿದರೆ ಕೊಲ್ಲೂರು ಯಾತ್ರೆಯ ಪುಟವೂ ಬಂತು, ಅದನ್ನು ಬಿಟ್ಟೆ. ಆದರೆ ಇನ್ನೊಂದು ಕಡೆ "ರೈತರಿಂದ ನೇರವಾಗಿ ಕೊಲ್ಲುವ ವ್ಯಾಪಾರಿಗಳು" ಎಂದಿತ್ತು. ಅದು ಅಚ್ಚಾಗಿದ್ದರೆ ಕಾಕಾ ಎಷ್ಟು ನೊಂದುಕೊಳ್ಳುತ್ತಿದ್ದರೋ. "ಅನ್ನ" ಹುಡುಕುವಾಗ ಅನ್ನುವ, ಅನ್ನಿಸಿತು ಎಲ್ಲ ಬಂದು ತುಂಬಾ ಹೊತ್ತು ಹಿಡಿಯಿತು.

ಬೇರೆ ಕೀಲಿಮಣೆಯಾದರೆ ಲೆಕ್ಕ ಬದಲಾಗುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿಯೂ ಲ, ಳ ಒಂದೇ ಕೀಲಿಯಲ್ಲಿವೆ. ಆದರೆ ಎತ್ವ, ಏತ್ವ ಬೇರೆ ಬೇರೆ ಕೀಲಿಯಲ್ಲಿವೆ. ಸಂಚಿಕೆಯ ಇನ್ನೊಂದು ಲೇಖನ ಫೋನಿನಲ್ಲಿ ಟೈಪ್ ಆಗಿದೆ. ಅಲ್ಲಿ ಮೇಲೆ ಬರುವ ಸಲಹೆಯ ಪದವನ್ನು ಒತ್ತಿಬಿಡುತ್ತಾರೆ, ಹಾಗಾಗಿ ತಪ್ಪು ಎರಡು ದಿಕ್ಕಿಗೂ ಹೋಗುತ್ತದೆ. ಅದಕ್ಕೆ ಜೋಡಿಯ ಎರಡೂ ಪದಗಳನ್ನು ಹುಡುಕಬೇಕು.

ಪಟ್ಟಿಯಲ್ಲಿ ಇಲ್ಲದ ಜೋಡಿ ಈ ದಾರಿಯಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಕೊನೆಗೆ ಇಬ್ಬರು ಕೂತು ಓದುತ್ತಿದ್ದೇವೆ. ಹುಡುಗ ಪರದೆ ನೋಡಿ ಗಟ್ಟಿಯಾಗಿ ಓದುತ್ತಾನೆ, ನಾನು ಕೈಬರಹ ಹಿಡಿದಿರುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ನಿಧಾನವಾಗಿ ಓದಬೇಕು ಅಂತ ಹೇಳಿದ್ದೇನೆ. ಶ, ಷ ಇದರಲ್ಲೂ ಸಿಗುವುದಿಲ್ಲ, ಬಾಯಲ್ಲಿ ಎರಡೂ ಒಂದೇ ಆಗುತ್ತವೆ. ಅವನ್ನು ಕಣ್ಣಿನಿಂದಲೇ ನೋಡಬೇಕು.

ಇವತ್ತಿಗೆ 22 ಹಾಳೆ ಮುಗಿದಿವೆ. ಬೆಳೆಯೋ ಬೇಳೆಯೋ ತಿಳಿಯದ ಎರಡು ಸಾಲು ಇನ್ನೂ ಇವೆ, ಎರಡೂ 14ನೇ ಹಾಳೆಯಲ್ಲಿ. ಮೂಲ ಹಾಳೆ ಕಾಕಾ ಮನೆಯ ಕಪಾಟಿನಲ್ಲಿದೆಯಂತೆ. ಭಾನುವಾರ ವಾಶಿಗೆ ಹೋಗುತ್ತಿದ್ದೇನೆ.